ಫೋನಿನಲ್ಲಿ ಕಿರುಪ್ರತಿ, ಕ್ಲೌಡಿನಲ್ಲಿ ಮೂಲಚಿತ್ರ

ಮೊಳಕಾಲ್ಮುರಿನ ರೇಷ್ಮೆ ಸೀರೆ ಮಗ್ಗದಿಂದ ಇಳಿದ ಕೂಡಲೇ ಈಗ ಮೊದಲು ಆಗುವ ಕೆಲಸ ಫೋಟೋ ತೆಗೆಯುವುದು. ಸೆರಗು, ಅಂಚು, ಒಡಲಿನ ಬುಟ್ಟಾ, ಜರಿಯ ಹಿಂಬದಿ ಅಂತ ಒಂದು ಸೀರೆಗೆ ಹತ್ತು ಫೋಟೋ ಆಗಿಯೇ ಆಗುತ್ತವೆ. ಒಂದು ಫೋಟೋ 4 ಎಂಬಿ ಎಂದರೂ ನಾನೂರು ಸೀರೆಗೆ 16 ಜಿಬಿ. ಫೋನು ‘ಜಾಗ ಇಲ್ಲ’ ಎನ್ನತೊಡಗುತ್ತದೆ. ಆಗ ಯಾರೋ ಒಂದು ಸೆಟ್ಟಿಂಗ್ ಒತ್ತಿಕೊಡುತ್ತಾರೆ, ಫೋನು ಹಗುರವಾಗುತ್ತದೆ. ಒತ್ತಿದ್ದು ಏನನ್ನು ಎಂದು ಮಾತ್ರ ಯಾರೂ ಹೇಳಿರುವುದಿಲ್ಲ.

ಐಫೋನಿನಲ್ಲಿ ಆ ಸೆಟ್ಟಿಂಗಿನ ಹೆಸರು Optimize iPhone Storage. ಐಕ್ಲೌಡ್‌ನ ಫೋಟೋ ವಿಭಾಗದಲ್ಲಿ ಸಿಗುತ್ತದೆ. ಅದನ್ನು ಆರಿಸಿದರೆ ಪೂರ್ಣ ಅಳತೆಯ ಮೂಲಚಿತ್ರ ಕ್ಲೌಡಿನಲ್ಲಿ ಉಳಿಯುತ್ತದೆ. ಫೋನಿನಲ್ಲಿ ಜಾಗ ಸಾಲದಾದಾಗ ಹಳೆಯ ಫೋಟೋಗಳ ಬದಲಿಗೆ ಪರದೆಗೆ ಸಾಕಾಗುವಷ್ಟು ಚಿಕ್ಕ ಪ್ರತಿಗಳು ಬಂದು ಕೂರುತ್ತವೆ. ಅದರ ಪಕ್ಕದ ಆಯ್ಕೆ Download and Keep Originals. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಹತ್ತಿರದ್ದು ಗೂಗಲ್ ಫೋಟೋಸ್‌ನ Free up space. ಇದು ಬ್ಯಾಕಪ್ ಮುಗಿದ ಫೋಟೋಗಳನ್ನು ಫೋನಿನಿಂದ ಅಳಿಸಿಹಾಕುತ್ತದೆ. ಆಮೇಲೆ ಆ್ಯಪ್‌ನಲ್ಲಿ ಕಾಣುವುದು ಕ್ಲೌಡಿನಿಂದ ತರಿಸಿದ ಚಿತ್ರ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗೂಗಲ್ ಫೋಟೋಸ್‌ನಲ್ಲೇ Storage saver ಎಂಬ ಇನ್ನೊಂದು ಆಯ್ಕೆ ಇದೆ. ಎರಡೂ ಜಾಗ ಉಳಿಸುವ ಮಾತನ್ನೇ ಆಡುವುದರಿಂದ ಎರಡೂ ಒಂದೇ ಎನಿಸುತ್ತದೆ. ಒಂದೇ ಅಲ್ಲ. ಮೊದಲನೆಯದು ಫೋನಿನಲ್ಲಿರುವ ಪ್ರತಿಯನ್ನು ಮಾತ್ರ ಕಿರಿದಾಗಿಸುತ್ತದೆ ಅಥವಾ ತೆಗೆಯುತ್ತದೆ. ಮೂಲಚಿತ್ರ ಮೇಲೆ ಹಾಗೇ ಇರುತ್ತದೆ, ಬೇಕಾದಾಗ ಇಳಿಸಿಕೊಳ್ಳಬಹುದು. Storage saver ಕ್ಲೌಡಿಗೆ ಹೋಗುವ ಚಿತ್ರವನ್ನೇ ಒತ್ತಿ ಹಿಂಡುತ್ತದೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದನ್ನು ಆ ಅಳತೆಗೆ ಇಳಿಸುತ್ತದೆ. ಇದರ ಮೇಲೆ Free up space ಒತ್ತಿದಿರಿ ಎಂದರೆ ಮೂಲಚಿತ್ರ ಜಗತ್ತಿನಲ್ಲಿ ಎಲ್ಲೂ ಇಲ್ಲ. ಎರಡು ಗುಂಡಿ, ಒಂದೊಂದೂ ತನ್ನ ಪಾಡಿಗೆ ನಿರಪಾಯಕಾರಿ. ಜೊತೆಯಾದಾಗ ಕೆಲಸ ಕೆಡುತ್ತದೆ. ಯಾವುದೇ ಫೋಟೋ ತೆರೆದು ಮೇಲಕ್ಕೆ ಸರಿಸಿದರೆ ವಿವರಗಳಲ್ಲಿ ಅದು Original quality ಆಗಿ ಹೋಗಿದೆಯೋ Storage saver ಆಗಿಯೋ ಕಾಣುತ್ತದೆ. Free up space ಒತ್ತುವ ಮೊದಲು ನೋಡಬೇಕಾದದ್ದು ಇದನ್ನೇ.

ಕಿರುಪ್ರತಿಯಲ್ಲಿ ಕಳೆದುಹೋಗುವುದಾದರೂ ಏನು? ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವಲ್ಲ ಎಂದು ಎಲ್ಲರೂ ಕೇಳುತ್ತಾರೆ. ಮದುವೆಯ ಗುಂಪುಚಿತ್ರಕ್ಕೆ ಆ ಮಾತು ನಿಜ, ನೇಯ್ಗೆಗೆ ನಿಜವಲ್ಲ. ಲೆಕ್ಕ ಹಾಕಿಯೇ ನೋಡೋಣ, ನನಗಂತೂ ಈ ಲೆಕ್ಕ ಬಲು ಇಷ್ಟ. 12 ಮೆಗಾಪಿಕ್ಸೆಲ್ ಫೋಟೋ ಎಂದರೆ ಅಗಲಕ್ಕೆ ಸುಮಾರು 4000 ಚುಕ್ಕೆ. ಅಂಚಿನ ಒಂಬತ್ತು ಅಂಗುಲವನ್ನು ಹತ್ತಿರದಿಂದ ತೆಗೆದರೆ ಅಂಗುಲಕ್ಕೆ 440ರ ಹತ್ತಿರ ಚುಕ್ಕೆ ಬೀಳುತ್ತವೆ. ಹಾಸಿನಲ್ಲಿ ಅಂಗುಲಕ್ಕೆ ನೂರು ಎಳೆ ಇವೆ ಎಂದಿಟ್ಟುಕೊಳ್ಳಿ. ಒಂದು ಎಳೆಗೆ ನಾಲ್ಕಕ್ಕಿಂತ ಹೆಚ್ಚು ಚುಕ್ಕೆ ಸಿಕ್ಕಿತು, ಎಳೆಯೂ ಅದರ ಪಕ್ಕದ ಸಂದೂ ಬೇರೆಬೇರೆಯಾಗಿ ಕಾಣುತ್ತವೆ. ಅದೇ ಫೋಟೋ 1500 ಚುಕ್ಕೆ ಅಗಲದ ಕಿರುಪ್ರತಿಯಾದರೆ ಒಂದು ಎಳೆಗೆ ಎರಡು ಚುಕ್ಕೆಯೂ ಇಲ್ಲ. ಎಳೆಗೊಂದು, ಸಂದಿಗೊಂದು ಎಂದು ಕನಿಷ್ಠ ಎರಡಾದರೂ ಬೇಕು. ಅದಕ್ಕಿಂತ ಕಡಿಮೆಯಾದರೆ ನೇಯ್ಗೆ ಚಿತ್ರದಲ್ಲಿ ಉಳಿಯುವುದಿಲ್ಲ.

ಉಳಿಯದೆ ಏನಾಗುತ್ತದೆ ಎಂಬುದು ಇನ್ನೂ ಸೊಗಸು. ಚಿತ್ರವನ್ನು ಜಾಗರೂಕತೆಯಿಂದ ಕಿರಿದಾಗಿಸಿದ್ದರೆ ಎಳೆಗಳು ಕಲೆತು ನುಣ್ಣನೆಯ ಬಣ್ಣವಾಗುತ್ತವೆ, ಕೈಮಗ್ಗದ ಸೀರೆಗೂ ಅಚ್ಚು ಹಾಕಿದ ಬಟ್ಟೆಗೂ ವ್ಯತ್ಯಾಸ ತಿಳಿಯದು. ಒರಟಾಗಿ ಕಿರಿದಾಗಿಸಿದ್ದರೆ ಎಳೆಗಳ ಸಾಲು ಮತ್ತು ಚುಕ್ಕೆಗಳ ಸಾಲು ಒಂದಕ್ಕೊಂದು ಹೊಂದದೆ ಸ್ವಲ್ಪಸ್ವಲ್ಪವೇ ಜಾರುತ್ತ ಹೋಗುತ್ತವೆ. ಒಂದೆಡೆ ಎಳೆಯ ಮೇಲೇ ಚುಕ್ಕೆ, ಮುಂದೆ ಸಂದಿನ ಮೇಲೆ, ಮತ್ತೆ ಎಳೆಯ ಮೇಲೆ. ಹೀಗಾಗಿ ಸೀರೆಯಲ್ಲಿ ಇಲ್ಲದ ದಪ್ಪ ಅಲೆಪಟ್ಟೆಗಳು ಫೋಟೋದಲ್ಲಿ ಹುಟ್ಟುತ್ತವೆ. ಇದಕ್ಕೆ ಮ್ವಾರೆ ಎಂದು ಹೆಸರು. ‘ಬಣ್ಣ ಸಮ ಕೂತಿಲ್ಲವಲ್ಲ’ ಎಂದು ಗಿರಾಕಿ ಫೋನ್ ಮಾಡಿದರೆ ಮೊದಲು ಅನುಮಾನಿಸಬೇಕಾದದ್ದು ಬಣ್ಣವನ್ನಲ್ಲ. ಮೂಲಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡಿ, ಪಟ್ಟೆ ಮಾಯವಾದರೆ ಅದು ಮ್ವಾರೆಯೇ.

ಈಗ ಒಂದು ಪ್ರಸಂಗವನ್ನು ಕೊನೆಯವರೆಗೆ ನಡೆಸೋಣ. ಮೊಳಕಾಲ್ಮುರಿನ ಮಗ್ಗದ ಮನೆಯ ಹುಡುಗಿ ಕ್ಯಾಟಲಾಗ್ ಮಾಡಿಸಲು ಚಳ್ಳಕೆರೆಯ ಪ್ರಿಂಟಿಂಗ್ ಅಂಗಡಿಗೆ ಹೋಗುತ್ತಾಳೆ ಎಂದುಕೊಳ್ಳಿ. ಅಂಗಡಿಯವನು ಆಂಡ್ರಾಯ್ಡ್ ಫೋನಿಗೆ ಕೇಬಲ್ ಹಾಕಿ ಕ್ಯಾಮೆರಾ ಫೋಲ್ಡರ್ ತೆರೆಯುತ್ತಾನೆ. “ಫೋಟೋನೇ ಇಲ್ಲವಲ್ಲಮ್ಮ, ಖಾಲಿ ಐತೆ. ವಾಟ್ಸಾಪ್‌ನಾಗೆ ಹಾಕಿಬಿಡು.” ಖಾಲಿ ಇರಲೇಬೇಕು, Free up space ಅದನ್ನು ತೆರವು ಮಾಡಿದೆ, ಕೇಬಲ್ಲಿಗೆ ಕ್ಲೌಡ್ ಕಾಣುವುದಿಲ್ಲ. ಐಫೋನಾಗಿದ್ದರೆ ಕೆಲವು ಬಂದು ಕೆಲವು ಬರುತ್ತಿರಲಿಲ್ಲ. ಇನ್ನು ವಾಟ್ಸಾಪ್ ದಾರಿ. ಮಾಮೂಲಿಯಾಗಿ ಕಳಿಸಿದ ಫೋಟೋ ಅಲ್ಲಿ ಉದ್ದಕ್ಕೆ 1600 ಚುಕ್ಕೆಯ ಹತ್ತಿರಕ್ಕೆ ಇಳಿಯುತ್ತದೆ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆ ಬೇಕು, ಹಾಗಾಗಿ ಅದು ಐದು ಅಂಗುಲ ದಾಟುವುದು ಕಷ್ಟ. ಮೂಲಚಿತ್ರ ಹದಿಮೂರು ಅಂಗುಲದವರೆಗೆ ಬರುತ್ತಿತ್ತು.

ಆಕೆ ಮಾಡಬೇಕಾದದ್ದು ಇಷ್ಟು: ಗೂಗಲ್ ಫೋಟೋಸ್‌ನಲ್ಲಿ ಬೇಕಾದ ಫೋಟೋಗಳನ್ನು ಮೊದಲು ಫೋನಿಗೆ ಇಳಿಸಿಕೊಂಡು, ಆಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಕಳಿಸುವುದು. ಹಾಗೆ ಕಳಿಸಿದರೆ ಫೈಲು ಕುಗ್ಗುವುದಿಲ್ಲ. ಇಳಿಸುವುದಕ್ಕೆ ನೆಟ್‌ವರ್ಕ್ ಬೇಕು, ಈ ಏರ್ಪಾಡಿನ ನಿಜವಾದ ಬೆಲೆ ಅದೇ. 4 ಎಂಬಿ ಫೋಟೋ ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಬರಲು ಅರ್ಧ ನಿಮಿಷ ಹಿಡಿಯುತ್ತದೆ. ನಲವತ್ತು ಫೋಟೋಗೆ ಇಪ್ಪತ್ತು ನಿಮಿಷ, ಅದೂ ಸಿಗ್ನಲ್ ಕಡಿಯದಿದ್ದರೆ. ಇದು ಮನೆಯಲ್ಲಿ, ಹಿಂದಿನ ರಾತ್ರಿ ಮುಗಿಸುವ ಕೆಲಸ. ಮುಗಿದಿದೆಯೇ ಎಂದು ತಿಳಿಯಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಫೋಟೋ ಹಿಗ್ಗಿಸಿ ನೋಡಿ. ಎಳೆ ಸ್ಪಷ್ಟವಾಗಿ ಕಂಡರೆ ಮೂಲ ನಿಮ್ಮ ಕೈಯಲ್ಲಿದೆ. ಮಸುಕಾಗಿಯೇ ಉಳಿದರೆ ಅಥವಾ ತೆರೆಯದೇ ಹೋದರೆ ಇಲ್ಲ. ಐಫೋನಿನಲ್ಲಿ ಮಾಹಿತಿ ಪುಟದ ಎಂಬಿ ಲೆಕ್ಕ ನಂಬಬೇಡಿ, ಕಿರುಪ್ರತಿ ಮಾತ್ರ ಇದ್ದಾಗಲೂ ಅದು ಮೂಲದ ಗಾತ್ರವನ್ನೇ ತೋರಿಸುತ್ತದೆ.

ಅಳಿಸುವ ವಿಷಯ ಬೇರೆ. ‘ಕ್ಲೌಡಿನಲ್ಲಿದೆಯಲ್ಲ’ ಎಂದು ಫೋಟೋಸ್ ಆ್ಯಪ್‌ನಲ್ಲೇ ಫೋಟೋ ಅಳಿಸಿದರೆ ಅದು ಕ್ಲೌಡಿನಿಂದಲೂ ಹೋಗುತ್ತದೆ. ಐಫೋನಿನಲ್ಲಿ 30 ದಿನ, ಗೂಗಲ್‌ನಲ್ಲಿ ಬ್ಯಾಕಪ್ ಆದವು 60 ದಿನ ಕಸದಬುಟ್ಟಿಯಲ್ಲಿರುತ್ತವೆ, ಅಷ್ಟರೊಳಗೆ ವಾಪಸು ತೆಗೆಯಬಹುದು. ಕ್ಲೌಡ್ ತುಂಬಿದರೆ ಹೊಸ ಫೋಟೋ ಮೇಲೇರುವುದೇ ನಿಲ್ಲುತ್ತದೆ. ಉಚಿತವಾಗಿ ಸಿಗುವುದು ಐಕ್ಲೌಡ್‌ನಲ್ಲಿ 5 ಜಿಬಿ, ಗೂಗಲ್‌ನಲ್ಲಿ 15. ಗೂಗಲ್‌ನ ಆ 15ರಲ್ಲಿ ಜಿಮೇಲ್, ಡ್ರೈವ್, ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಎಲ್ಲಕ್ಕೂ ಪಾಲಿದೆ. 2021ರ ಜೂನ್ 1ಕ್ಕೆ ಮೊದಲು ಹಿಂಡಿದ ಫೋಟೋಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ, ಆ ಕಾಲದ ನಂಬಿಕೆಯಲ್ಲಿ ಇಂದಿಗೂ ಇರುವವರು ಬೇಕಾದಷ್ಟಿದ್ದಾರೆ. ನಮ್ಮ ನಾನೂರು ಸೀರೆಯ 16 ಜಿಬಿ ಈ ಉಚಿತ ಜಾಗದಲ್ಲಿ ಹಿಡಿಸುವುದಿಲ್ಲ. ವಿನ್ಯಾಸದ ದಾಖಲೆ ಎಂದು ಇಡಬೇಕಾದ ಫೋಟೋಗಳಿಗಾದರೂ ಕ್ಲೌಡ್ ಒಂದನ್ನೇ ನೆಚ್ಚಬಾರದು. takeout.google.com ಅಥವಾ privacy.apple.com ಮೂಲಕ ಎಲ್ಲ ಫೋಟೋಗಳನ್ನೂ ಒಟ್ಟಿಗೆ ತರಿಸಿಕೊಂಡು ಹಾರ್ಡ್‌ಡಿಸ್ಕಿಗೆ ಹಾಕಬಹುದು. ಬಂದ ಫೈಲುಗಳಲ್ಲಿ ಒಂದನ್ನು ತೆರೆದು ಅಗಲ ಎಷ್ಟು ಚುಕ್ಕೆ ಎಂದು ನೋಡಿ. 12 ಮೆಗಾಪಿಕ್ಸೆಲ್ ಫೋಟೋ 4000ದ ಆಸುಪಾಸು ಇದ್ದರೆ ಅಳತೆ ಕುಗ್ಗಿಲ್ಲ. ಅಳತೆ ಕುಗ್ಗದೆಯೂ Storage saver ಹಿಂಡಿರಬಹುದಾದ್ದರಿಂದ ಜರಿ ಇರುವ ಒಂದು ಮೂಲೆಯನ್ನು ಹಿಗ್ಗಿಸಿ ಎಳೆ ಎಣಿಸಿಯೂ ನೋಡಿ.