ಹಸಿರು ಮೊದಲೋ, ದೊಡ್ಡದು ಮೊದಲೋ?

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಜೆ. ಆರ್. ಆರ್. ಟೋಲ್ಕಿನ್ ಏಳು ವರ್ಷದ ಆಸುಪಾಸಿನಲ್ಲೇ ಒಂದು ಡ್ರ್ಯಾಗನ್ ಕಥೆ ಬರೆದಿದ್ದರು. ಅದರಲ್ಲಿ ‘ಗ್ರೀನ್ ಗ್ರೇಟ್ ಡ್ರ್ಯಾಗನ್’ ಎಂಬ ಮಾತಿತ್ತು. ಓದಿದ ತಾಯಿ ಡ್ರ್ಯಾಗನ್ ಬಗ್ಗೆ ಏನೂ ಹೇಳಲಿಲ್ಲ. ಹಾಗೆ ಬರೆಯಬಾರದು, ‘ಗ್ರೇಟ್ ಗ್ರೀನ್ ಡ್ರ್ಯಾಗನ್’ ಎನ್ನಬೇಕು ಎಂದು ಮಾತ್ರ ತಿದ್ದಿದರು. ಯಾಕೆ ಎಂಬ ಪ್ರಶ್ನೆ ಮಗನ ತಲೆಯಲ್ಲಿ ಉಳಿದೇಬಿಟ್ಟಿತು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಭಾಷಾ ಪ್ರಾಧ್ಯಾಪಕರಾಗಿದ್ದ ಕಾಲದಲ್ಲಿ, 1955ರಲ್ಲಿ, ಕವಿ ಆಡೆನ್ ಅವರಿಗೆ ಬರೆದ ಪತ್ರದಲ್ಲಿ ಈ ಪ್ರಸಂಗವನ್ನು ನೆನೆದ ಅವರು, ಕಾರಣ ತಮಗಿನ್ನೂ ಹೊಳೆದಿಲ್ಲ ಎಂದೇ ಹೇಳಿಕೊಂಡರು.

ಇಂಗ್ಲಿಷ್ ಮನೆಮಾತಾಗಿರುವ ಹೆಚ್ಚಿನವರ ಅನುಭವ ಇದೇ. ತಪ್ಪಾದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ನಿಯಮ ಏನೆಂದು ಕೇಳಿದರೆ ಬಾಯಿ ಕಟ್ಟುತ್ತದೆ. ನಿಯಮದ ಪಟ್ಟಿ ಕಾಣುವುದು ಹೆಚ್ಚಾಗಿ ಹೊರಗಿನವರಿಗೆ ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲಿ: ಮೊದಲು ಅಭಿಪ್ರಾಯ, ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲಸ್ಥಳ, ವಸ್ತು, ಉಪಯೋಗ, ಕೊನೆಗೆ ನಾಮಪದ. ‘ಎ ಬ್ಯೂಟಿಫುಲ್ ಸ್ಮಾಲ್ ಓಲ್ಡ್ ವುಡನ್ ಹೌಸ್’ ಈ ಸಾಲಿಗೆ ಸರಿಯಾಗಿ ಕೂರುತ್ತದೆ. ‘ಬ್ಯೂಟಿಫುಲ್’ ಅಭಿಪ್ರಾಯ, ‘ಸ್ಮಾಲ್’ ಗಾತ್ರ, ‘ಓಲ್ಡ್’ ವಯಸ್ಸು, ‘ವುಡನ್’ ವಸ್ತು. ಅದನ್ನೇ ‘ಎ ವುಡನ್ ಓಲ್ಡ್ ಸ್ಮಾಲ್ ಬ್ಯೂಟಿಫುಲ್ ಹೌಸ್’ ಎಂದರೆ ಅರ್ಥ ಕೆಡುವುದಿಲ್ಲ, ಆದರೆ ಕೇಳುವವರು ಒಂದು ಕ್ಷಣ ತಡವರಿಸುತ್ತಾರೆ. ನಿತ್ಯದ ಮಾತಿನಲ್ಲಿ ನಾಲ್ಕು ವಿಶೇಷಣಗಳು ಹೀಗೆ ಸಾಲುಗಟ್ಟುವುದು ಅಪರೂಪ. ಎರಡು ಅಥವಾ ಮೂರು ಬಂದರೆ ಹೆಚ್ಚು. ಎರಡೇ ಬಂದಾಗಲೂ ಕ್ರಮ ತಪ್ಪಿದ್ದು ಗೊತ್ತಾಗುತ್ತದೆ.

ಪಟ್ಟಿ ಕ್ರಮವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಬಣ್ಣಕ್ಕಿಂತ ಗಾತ್ರ ಮೊದಲು ಬರಬೇಕೆಂದು ತೀರ್ಮಾನಿಸಿದವರು ಯಾರು?

ಉತ್ತರದ ಮೊದಲ ಎಳೆ ಟೋಲ್ಕಿನ್ ಬಾಲಕನಾಗಿದ್ದ ಕಾಲದಲ್ಲೇ ಸಿಕ್ಕಿತ್ತು. 1898ರಲ್ಲಿ ಹೊರಬಂದ ತಮ್ಮ ಇಂಗ್ಲಿಷ್ ವ್ಯಾಕರಣದ ಎರಡನೆಯ ಭಾಗದಲ್ಲಿ ಹೆನ್ರಿ ಸ್ವೀಟ್, ಅರ್ಥದಲ್ಲಿ ನಾಮಪದಕ್ಕೆ ಯಾವ ಪದ ಹೆಚ್ಚು ಆಪ್ತವೋ ಅದು ನಾಮಪದದ ಪಕ್ಕದಲ್ಲೇ ನಿಲ್ಲುತ್ತದೆ ಎಂದು ಗುರುತಿಸಿದರು. ಈ ಮಾತು ಸರಿ ಅನ್ನಿಸುತ್ತದೆ. ಆದರೆ ಆಪ್ತತೆಯನ್ನು ಅಳೆಯುವುದು ಹೇಗೆ?

2017ರಲ್ಲಿ ಗ್ರೆಗರಿ ಸ್ಕಾಂಟ್ರಾಸ್, ಜೂಡಿತ್ ಡೇಗನ್ ಮತ್ತು ನೋವಾ ಗುಡ್‌ಮನ್ ಎಂಬ ಮೂವರು ಸಂಶೋಧಕರು ಅಳೆಯುವ ದಾರಿಯೊಂದನ್ನು ಮುಂದಿಟ್ಟರು. ಒಂದು ವಿಶೇಷಣದ ಬಗ್ಗೆ ಇಬ್ಬರಿಗೆ ಭಿನ್ನಾಭಿಪ್ರಾಯ ಬಂದರೆ, ಇಬ್ಬರೂ ಸರಿ ಇರಲು ಸಾಧ್ಯವೇ? ಅಥವಾ ಒಬ್ಬರು ತಪ್ಪಿರಲೇಬೇಕೇ? ಇದನ್ನು ಅವರು ಇಂಗ್ಲಿಷ್ ಮಾತಾಡುವ ಜನರಿಗೇ ಕೇಳಿದರು. ಬೇರೆಯಾಗಿ, ಎರಡೆರಡು ವಿಶೇಷಣಗಳನ್ನು ಹಿಂದುಮುಂದು ಜೋಡಿಸಿ ತೋರಿಸಿ, ಯಾವ ಜೋಡಣೆ ಸಹಜ ಅನ್ನಿಸುತ್ತದೆ ಎಂದೂ ಕೇಳಿದರು. ಎರಡೂ ಉತ್ತರಗಳು ಚೆನ್ನಾಗಿ ತಾಳೆಯಾದವು. ನೋಡುವವರ ಅಭಿಪ್ರಾಯವನ್ನು ಹೆಚ್ಚು ಅವಲಂಬಿಸಿದ ಪದ ನಾಮಪದದಿಂದ ದೂರ ಹೋಗುತ್ತದೆ. ಜಗಳಕ್ಕೆ ಆಸ್ಪದ ಕೊಡದ ಪದ ಹತ್ತಿರ ಬರುತ್ತದೆ.

ಈ ಅಳತೆಗೋಲನ್ನು ಅದೇ ಮನೆಗೆ ಹಿಡಿದು ನೋಡಬಹುದು. ಅದು ಮರದ್ದೋ ಇಟ್ಟಿಗೆಯದ್ದೋ ಎಂಬ ಜಗಳವನ್ನು ಗೋಡೆ ಮುಟ್ಟಿ ನೋಡಿದರೆ ತೀರಿಸಬಹುದು. ಇಬ್ಬರಲ್ಲಿ ಒಬ್ಬರು ತಪ್ಪು. ಹಾಗಾಗಿ ‘ವುಡನ್’ ಮನೆಗೆ ಅಂಟಿಕೊಂಡಿದೆ. ಹಳೆಯದೋ ಅಲ್ಲವೋ ಎಂಬಲ್ಲಿ ಸ್ವಲ್ಪ ಸಡಿಲವಿದೆ. ಕಟ್ಟಿದ ವರ್ಷವನ್ನು ದಾಖಲೆ ಹೇಳುತ್ತದೆ, ಎಷ್ಟು ವರ್ಷವಾದರೆ ಹಳೆಯದು ಎಂಬುದನ್ನು ಹೇಳುವುದಿಲ್ಲ. ಚಿಕ್ಕದೋ ಎಂಬುದು ಇನ್ನೂ ಸಡಿಲ: ಇಬ್ಬರೇ ಇರುವ ಸಂಸಾರಕ್ಕೆ ಸಾಕಾದ ಮನೆ ಎಂಟು ಮಂದಿಯ ಸಂಸಾರಕ್ಕೆ ಚಿಕ್ಕದು. ಸುಂದರವೋ ಎಂದು ಕೇಳಿದರೆ ಇಬ್ಬರು ಎರಡು ಮಾತು ಹೇಳಿದರೂ ಯಾರನ್ನೂ ತಪ್ಪೆನ್ನಲಾಗದು. ಟೋಲ್ಕಿನ್‌ರ ಡ್ರ್ಯಾಗನ್ನಿಗೂ ಇದೇ ಲೆಕ್ಕ. ಹಸಿರು ಕಣ್ಣಿಗೆ ಕಾಣುವ ಬಣ್ಣ, ದೊಡ್ಡದು ಹೋಲಿಕೆಯ ಮಾತು. ಆದ್ದರಿಂದ ‘ಗ್ರೇಟ್’ ಹೊರಗೆ, ‘ಗ್ರೀನ್’ ಒಳಗೆ.

ಹೀಗೇ ಏಕಿರಬೇಕು ಎಂಬುದಕ್ಕೆ ಅರ್ಥ ಕಟ್ಟಿಕೊಳ್ಳುವ ಬಗೆಯಿಂದ ಒಂದು ವಿವರಣೆ ಸಿಗುತ್ತದೆ. ಮಾತು ಎಡದಿಂದ ಬಂದರೂ ಅರ್ಥ ನಾಮಪದದಿಂದ ಹೊರಕ್ಕೆ ಬೆಳೆಯುತ್ತದೆ. ‘ಹೌಸ್’ಗೆ ‘ವುಡನ್’ ಸೇರಿ ಮರದ ಮನೆಗಳ ಗುಂಪಾಗುತ್ತದೆ, ಅದರಲ್ಲಿ ಹಳೆಯವು ಯಾವುವು, ಅವುಗಳಲ್ಲಿ ಚಿಕ್ಕದು ಯಾವುದು ಎಂದು ಆಯ್ಕೆ ಕಿರಿದಾಗುತ್ತಾ ಹೋಗುತ್ತದೆ. ಮೊದಲ ಹೆಜ್ಜೆಯಲ್ಲಿ ಎಲ್ಲರೂ ಒಪ್ಪುವ ಗುಣದಿಂದ ಗುಂಪನ್ನು ಕಿರಿದು ಮಾಡಿದರೆ ಹೇಳುವವರ ಮನಸ್ಸಿನಲ್ಲಿರುವ ಮನೆಯೇ ಕೇಳುವವರಿಗೂ ಸಿಗುವ ಸಂಭವ ಹೆಚ್ಚು. ಚರ್ಚೆಗೆ ಎಡೆಯಿರುವ ಗುಣದಿಂದ ಶುರುಮಾಡಿದರೆ ಅಲ್ಲೇ ದಾರಿ ಕವಲೊಡೆಯುತ್ತದೆ.

ಎಲ್ಲವೂ ಈ ಸೂತ್ರಕ್ಕೆ ಬಗ್ಗುವುದಿಲ್ಲ. ಕೆಂಪು ಬಣ್ಣದ ಫ್ರಾನ್ಸ್ ಕಾರು ‘ರೆಡ್ ಫ್ರೆಂಚ್ ಕಾರ್’. ಬಣ್ಣ ಮೊದಲು, ದೇಶ ಆಮೇಲೆ. ಆದರೆ ಫ್ರಾನ್ಸಿನ ಕೆಂಪು ವೈನ್ ‘ಫ್ರೆಂಚ್ ರೆಡ್ ವೈನ್’. ಇಲ್ಲಿ ‘ರೆಡ್ ವೈನ್’ ಎಂಬುದೇ ಒಂದು ಜಾತಿಯ ಹೆಸರಾಗಿ ಗಟ್ಟಿಯಾಗಿದೆ, ಅದರ ನಡುವೆ ದೇಶ ನುಗ್ಗುವಂತಿಲ್ಲ. ಕನ್ನಡದ ‘ಕರಿಹಲಗೆ’ಯೂ ಇಂಥದ್ದೇ, ಹಲಗೆಗೆ ಹಸಿರು ಬಳಿದರೂ ‘ಹಸಿರು ಕರಿಹಲಗೆ’ ಎನ್ನಬಹುದು. ಮಕ್ಕಳ ಕಥೆಯ ‘ಬಿಗ್ ಬ್ಯಾಡ್ ವುಲ್ಫ್’ನಲ್ಲಂತೂ ಅಭಿಪ್ರಾಯದ ‘ಬ್ಯಾಡ್’ ಗಾತ್ರದ ‘ಬಿಗ್’ ಹಿಂದೆ ಸರಿದಿದೆ. ‘ಟಿಕ್ ಟಾಕ್’, ‘ಜಿಗ್ ಜ್ಯಾಗ್’, ‘ಪಿಂಗ್ ಪಾಂಗ್’ ಜೋಡಿಗಳಲ್ಲಿ ‘ಇ’ಕಾರ ಮೊದಲು ಬರುವಂತೆ ಇಲ್ಲೂ ನಾದವೇ ಗೆದ್ದಿರಬೇಕು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಎದುರಿಗೆ ಹಲವು ದೊಡ್ಡ ಕಾರುಗಳು ನಿಂತಿದ್ದು, ಅವುಗಳಲ್ಲಿ ಕೆಂಪನೆಯದನ್ನೇ ತೋರಿಸಬೇಕಾದಾಗ ‘ರೆಡ್’ ಮೇಲೆ ಒತ್ತು ಹಾಕಿ ‘ದ ರೆಡ್ ಬಿಗ್ ಕಾರ್’ ಎಂದರೂ ನಡೆಯುತ್ತದೆ.

ಅಲ್ಪವಿರಾಮದ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಎರಡು ವಿಶೇಷಣಗಳ ನಡುವೆ ‘ಆಂಡ್’ ಹಾಕಿ, ಸ್ಥಾನ ಬದಲಿಸಿ ನೋಡಬೇಕು. ‘ಎ ಕೈಂಡ್, ಜೆಂಟಲ್ ಮ್ಯಾನ್’ ಎರಡು ಪರೀಕ್ಷೆಯಲ್ಲೂ ಕೆಡುವುದಿಲ್ಲ, ಎರಡೂ ಸಮಾನ. ಅಲ್ಲಿ ಅಲ್ಪವಿರಾಮ ಬೇಕು. ‘ಓಲ್ಡ್ ವುಡನ್ ಹೌಸ್’ ನಡುವೆ ‘ಆಂಡ್’ ಹಾಕಿದರೆ ವಿಚಿತ್ರವಾಗುತ್ತದೆ, ಆದ್ದರಿಂದ ಅಲ್ಲಿ ಬೇಡ.

ಕನ್ನಡಿಗರಿಗೆ ಈ ಕ್ರಮದ ಬಹುಪಾಲು ಹೊಸದಲ್ಲ. ‘ಚಂದದ ಪುಟ್ಟ ಹಳೆಯ ಮರದ ಮನೆ’ ಎಂಬುದು ಇಂಗ್ಲಿಷಿನ ಸಾಲಿಗೇ ಹೊಂದುತ್ತದೆ. ಎಡವುವುದು ಕನ್ನಡ ಹೆಚ್ಚು ಸ್ವಾತಂತ್ರ್ಯ ಕೊಟ್ಟ ಕಡೆ. ‘ಕೆಂಪು ರೇಷ್ಮೆ ಸೀರೆ’ ಎನ್ನುವಷ್ಟೇ ಸಲೀಸಾಗಿ ‘ರೇಷ್ಮೆಯ ಕೆಂಪು ಸೀರೆ’ ಎಂದೂ ಹೇಳುತ್ತೇವೆ. ‘ರೇಷ್ಮೆಯ’, ‘ಮರದ’ ಎಂಬವು ವಿಭಕ್ತಿ ಹತ್ತಿದ ನಾಮಪದಗಳು. ಬೇರೆ ಪದಗಳನ್ನು ದಾಟಿ ಮುಂದೆ ನಿಲ್ಲುವ ಅವಕಾಶ ಅವಕ್ಕಿದೆ. ಇಂಗ್ಲಿಷಿನ ‘ಸಿಲ್ಕ್’ಗೆ, ‘ವುಡನ್’ಗೆ ಆ ಸಲಿಗೆಯಿಲ್ಲ. ಎರಡನೆಯ ಕನ್ನಡ ಮಾತನ್ನು ಪದಕ್ಕೆ ಪದವಿಟ್ಟು ‘ಎ ಸಿಲ್ಕ್ ರೆಡ್ ಸಾರಿ’ ಎಂದು ಬರೆದರೆ ಕೇಳುವವರಿಗೆ ಮುಗ್ಗರಿಸಿದಂತಾಗುತ್ತದೆ. ಅದು ‘ಎ ರೆಡ್ ಸಿಲ್ಕ್ ಸಾರಿ’ ಆಗಬೇಕು. ಚೆಂದವಿದೆ ಎಂದು ಸೇರಿಸುವುದಾದರೆ ‘ಲವ್ಲಿ’ ಎಂಬ ಪದ ‘ರೆಡ್’ಗಿಂತ ಮೊದಲು ಬರುತ್ತದೆ.