ಟ್ರಿಪ್‌ನಿಂದ ಬಂದ್ಮೇಲೆ ತೂಕ 2.4 ಕೆಜಿ ಜಾಸ್ತಿ: ಅದು ಕೊಬ್ಬಾ, ನೀರಾ?

ಈ ವಾರ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಆಫೀಸ್ ಕೆಲಸಕ್ಕೆ ಬೆಂಗಳೂರಿನಿಂದ ಲಂಡನ್‌ಗೆ ಹೋಗಿ ಐದು ದಿನ ಹೋಟೆಲ್‌ನಲ್ಲಿದ್ದರಂತೆ. ಹೋಗೋ ಮುಂಚಿನ ವಾರದ ಸರಾಸರಿ ತೂಕ 68.2 ಕೆಜಿ. ವಾಪಸ್ ಬಂದ ಮರುದಿನ ಬೆಳಿಗ್ಗೆ ನೋಡಿದರೆ 70.6! "ಇನ್ನು ಒಂದು ವಾರ ರಾತ್ರಿ ಊಟ ಬಿಡ್ಲಾ?" ಅಂತ ಕೇಳ್ತಿದ್ದಾರೆ.

ಬೇಡ. ಮೊದಲು ಒಂದು ಲೆಕ್ಕ ಹಾಕೋಣ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಮೈಗೆ ಬೇಕಾದ್ದಕ್ಕಿಂತ ಸುಮಾರು 7,700 ಕ್ಯಾಲರಿ ಹೆಚ್ಚಿಗೆ ತಿನ್ನಬೇಕು. 2.4 ಕೆಜಿಗೆ ಹದಿನೆಂಟು ಸಾವಿರ ದಾಟುತ್ತೆ. ಒಂದು ಮಸಾಲೆ ದೋಸೆಗೆ 400 ಕ್ಯಾಲರಿ ಅಂತಿಟ್ಟುಕೊಂಡರೂ, ಮಾಮೂಲಿ ಊಟದ ಮೇಲೆ ದಿನಾ ಒಂಬತ್ತು ದೋಸೆ! ಬಫೆ ಎಷ್ಟೇ ಚೆನ್ನಾಗಿದ್ದರೂ ಅಷ್ಟು ಆಗಲ್ಲ.

ಹಾಗಾದರೆ ಬಂದಿದ್ದೇನು? ಮುಖ್ಯವಾಗಿ ನೀರು. ಹೋಟೆಲ್ ಅಡುಗೆ, ಸೂಪು, ಸಾಸು, ವಿಮಾನದಲ್ಲಿ ಕೊಡೋ ಊಟ, ಎಲ್ಲದರಲ್ಲೂ ಉಪ್ಪು ಧಾರಾಳ. ಮೈಯಲ್ಲಿ 9 ಗ್ರಾಂ ಉಪ್ಪು ಹೆಚ್ಚಿಗೆ ಉಳಿದರೆ, ಅದು ಸುಮಾರು ಒಂದು ಲೀಟರ್ ನೀರನ್ನು ಹಿಡಿದಿಡುತ್ತೆ. ಅಂದ್ರೆ ಒಂದು ಕೆಜಿ ಅಲ್ಲೇ ಬಂತು. ಬ್ರೆಡ್, ಅನ್ನ, ಸಿಹಿ ಜಾಸ್ತಿಯಾದಾಗ ಅದರಲ್ಲಿ ಒಂದಿಷ್ಟನ್ನು ಮೈ ಗ್ಲೈಕೋಜನ್ ಆಗಿ ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತೆ. ಹತ್ತು ಗಂಟೆ ಸೀಟಲ್ಲೇ ಕೂತರೆ ಕಾಲಿಗೆ ನೀರಿಳಿಯುತ್ತೆ, ಶೂ ಬಿಗಿಯಾಗೋದು ಅದಕ್ಕೇ. ಇನ್ನು ಟ್ರಿಪ್‌ನಲ್ಲಿ ಹೊಟ್ಟೆ ಸರಿಯಾಗಿ ಖಾಲಿಯಾಗಲ್ಲ ಅನ್ನೋದು ನಿಮಗೇ ಗೊತ್ತು; ಅದಕ್ಕೂ ತೂಕ ಇದೆ.

ಹಾಗಂತ ಕೊಬ್ಬು ಸೇರಿಲ್ಲ ಅಂತಾನೂ ಅಲ್ಲ. ಗೊತ್ತಾಗೋಕೆ ಕಾಯಬೇಕು. ಅದೇ ಮಷಿನ್ ಮೇಲೆ, ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದು, ಏನೂ ತಿನ್ನೋ ಮುಂಚೆ ದಿನಾ ನೋಡಿ. ಈ ಕೇಳುಗರು ಮನೆ ಊಟಕ್ಕೆ ಮರಳಿದ ಮೇಲೆ ಎರಡನೇ ದಿನ 70.1, ಮೂರನೇ ದಿನ 69.4, ಐದನೇ ದಿನ 68.8. ಎರಡನೇ ವಾರದ ಸರಾಸರಿ 68.6. ಮುಂಚಿನ ವಾರಕ್ಕೆ ಹೋಲಿಸಿದರೆ ಉಳಿದಿದ್ದು 400 ಗ್ರಾಂ. ಅದು ಕೊಬ್ಬೇ ಆಗಿದ್ದರೆ, ಟ್ರಿಪ್‌ನಲ್ಲಿ ದಿನಕ್ಕೆ ಒಂದೂವರೆ ದೋಸೆಯಷ್ಟು ಹೆಚ್ಚಿಗೆ ತಿಂದ ಹಾಗೆ. ಇದು ನಂಬೋ ಲೆಕ್ಕ. ಪೀರಿಯಡ್ಸ್ ಹತ್ತಿರ ಇದ್ದವರಲ್ಲಿ ನೀರು ಇಳಿಯೋಕೆ ಇನ್ನೂ ಕೆಲವು ದಿನ ಹಿಡಿಯಬಹುದು.

ಮೊದಲ ದಿನವೇ ಉಪವಾಸ ಮಾಡಿದರೆ ನೀರಿಳಿದಿದ್ದನ್ನು ನೋಡಿ ಉಪವಾಸ ಕೆಲಸ ಮಾಡ್ತು ಅಂದ್ಕೋತೀರಿ. ಮೂತ್ರ ಜಾಸ್ತಿ ಮಾಡಿಸೋ ಮಾತ್ರೆಗಳ ಸಹವಾಸವಂತೂ ಬೇಡವೇ ಬೇಡ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ವಿಮಾನ ಪ್ರಯಾಣದ ನಂತರ ಒಂದೇ ಕಾಲು ಊದಿ ನೋವಿದ್ದರೆ ಅದು ರಕ್ತ ಹೆಪ್ಪುಗಟ್ಟಿರೋದೂ ಆಗಿರಬಹುದು. ಅವತ್ತೇ ಡಾಕ್ಟರ್‌ಗೆ ತೋರಿಸಿ. ಜೊತೆಗೆ ಉಸಿರಾಟ ಕಷ್ಟವಾದರೆ ಅಥವಾ ಎದೆನೋವು ಬಂದರೆ ನೇರ ಎಮರ್ಜೆನ್ಸಿಗೆ ಹೋಗಿ.