ಉತ್ತರ ಗದ್ಯಭಾಗದಲ್ಲಿದೆಯೇ, ನಿಮ್ಮ ತಲೆಯಲ್ಲಿದೆಯೇ?

ಹೊರನಾಡಿನ ಕನ್ನಡ ಸಂಘಗಳು ನಡೆಸುವ ಕನ್ನಡ ತರಗತಿಗಳಲ್ಲಿ ಈಗ ಪಾಠ ಹೇಳುವವರಲ್ಲಿ ಇಲ್ಲೇ ಹುಟ್ಟಿ ಬೆಳೆದ ತರುಣ ತರುಣಿಯರೂ ಇದ್ದಾರೆ. ಮಕ್ಕಳ ಪರೀಕ್ಷೆಗೆ ಗದ್ಯಭಾಗವೊಂದನ್ನು ಬರೆದು, ಅದರ ಕೆಳಗೆ ಪ್ರಶ್ನೆ ಕೊಡುವ ಕೆಲಸ ಅವರ ಪಾಲಿಗೆ ಬರುತ್ತದೆ. ಇದರಲ್ಲಿ ಒಂದು ತೊಡಕಿದೆ. ಸ್ವತಃ ಬರೆದವರಿಗೆ ಕಥೆ ಪೂರ್ತಿ ಗೊತ್ತಿರುತ್ತದೆ. ಹಾಳೆಯ ಮೇಲೆ ಬಾರದೆ ಉಳಿದದ್ದು ಅವರ ಕಣ್ಣಿಗೆ ಬೀಳುವುದಿಲ್ಲ.

ಒಂದು ಉದಾಹರಣೆ ನೋಡೋಣ:

“ಭಾನುವಾರ ಬೆಳಿಗ್ಗೆ ಅಜ್ಜಿ ಅತ್ತೆಯ ಜೊತೆ ಮಾರುಕಟ್ಟೆಗೆ ಹೋದರು. ಅವರು ಎರಡು ಕಿಲೋ ಉದ್ದಿನ ಹಿಟ್ಟು ಕೊಂಡರು. ಮಧ್ಯಾಹ್ನ ಹಪ್ಪಳ ಒತ್ತಿ ಮಹಡಿಯ ಮೇಲೆ ಹರಡಿದರು. ಸಂಜೆ ಮೋಡ ಕವಿಯಿತು. ಆದ್ದರಿಂದ ಹಪ್ಪಳ ನೆನೆಯಲಿಲ್ಲ.”

ಪ್ರಶ್ನೆಗಳು ಮೂರು. ಹಿಟ್ಟು ಕೊಂಡವರು ಯಾರು? ಹಪ್ಪಳವನ್ನು ಬಿಸಿಲಿಗೆ ಏಕೆ ಹರಡುತ್ತಾರೆ? ಹಪ್ಪಳ ಏಕೆ ನೆನೆಯಲಿಲ್ಲ?

ಮೊದಲನೆಯ ಪರಿಶೀಲನೆಗೆ ಪೆನ್ಸಿಲ್ ಸಾಕು. ಪ್ರತಿ ಪ್ರಶ್ನೆಗೂ ಉತ್ತರ ಕೊಡುವ ಮಾತಿನ ಕೆಳಗೆ ಗೆರೆ ಎಳೆದು, ಪ್ರಶ್ನೆಯ ಸಂಖ್ಯೆ ಹಾಕಿ. ಮೊದಲ ಪ್ರಶ್ನೆಗೆ ‘ಅವರು’ ಎಂಬ ಮಾತಿನ ಕೆಳಗೆ ಗೆರೆ ಬೀಳುತ್ತದೆ. ಆದರೆ ಆ ‘ಅವರು’ ಯಾರು? ಕನ್ನಡದಲ್ಲಿ ಈ ಪದ ಒಬ್ಬರಿಗೆ ಗೌರವಸೂಚಕವೂ ಹೌದು, ಹಲವರನ್ನು ಹೇಳುವ ಬಹುವಚನವೂ ಹೌದು. ಅಜ್ಜಿಯಾಗಬಹುದು, ಅತ್ತೆಯಾಗಬಹುದು, ಇಬ್ಬರೂ ಆಗಬಹುದು. ‘ಕೊಂಡರು’ ಎಂಬ ಕ್ರಿಯಾಪದವೂ ಮೂರಕ್ಕೂ ಹೊಂದುತ್ತದೆ. ಮೂರನೆಯ ವಾಕ್ಯದಲ್ಲಂತೂ ಕರ್ತೃಪದವೇ ಇಲ್ಲ. ಮನೆಮಾತಿನಲ್ಲಿ ಇದು ಸಹಜ, ಪರೀಕ್ಷೆಯಲ್ಲಿ ಗೊಂದಲ. ವಾಕ್ಯದಿಂದ ವಾಕ್ಯಕ್ಕೆ ಪದಗಳು ಹಾಕುವ ಇಂಥ ಕೊಂಡಿಯನ್ನೇ ಭಾಷಾಶಾಸ್ತ್ರದಲ್ಲಿ ‘ಕೊಹೀಷನ್’ ಎನ್ನುತ್ತಾರೆ. ಹ್ಯಾಲಿಡೇ ಮತ್ತು ಹಸನ್ ಅವರು 1976ರಲ್ಲಿ ಇಂಗ್ಲಿಷ್ ಭಾಷೆಯಲ್ಲಿನ ಈ ಕೊಂಡಿಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಮೂರನೆಯ ಪ್ರಶ್ನೆಯ ದೋಷ ಬೇರೆ ಬಗೆಯದು. ‘ಆದ್ದರಿಂದ’ ಎಂಬ ಕೊಂಡಿಯೇನೋ ಇದೆ, ಆದರೆ ಅರ್ಥ ಕೂಡುವುದಿಲ್ಲ. ಮೋಡ ಕವಿದರೆ ಹಪ್ಪಳ ನೆನೆಯಬೇಕಲ್ಲವೇ? ಯಾರೋ ಅವನ್ನು ಒಳಗೆ ತಂದಿರಬೇಕು. ಆ ಸಂಗತಿ ಬರೆದವರ ತಲೆಯಲ್ಲೇ ಉಳಿದಿದೆ. ಅರ್ಥದ ಈ ಹೊಂದಾಣಿಕೆಯೇ ‘ಕೊಹೆರೆನ್ಸ್’. ಕೊಂಡಿಪದವಿದ್ದ ಮಾತ್ರಕ್ಕೆ ಅದು ಬಂದೀತೆಂದು ಹೇಳಲಾಗದು.

ಎರಡನೆಯ ಪ್ರಶ್ನೆಗೆ ಗೆರೆ ಎಳೆಯಲು ಜಾಗವೇ ಇಲ್ಲ. ಆದರೂ ಹಪ್ಪಳ ಮಾಡುವ ಮನೆಯ ಮಗು ‘ಒಣಗಲು’ ಎಂದು ಸರಿಯಾಗಿಯೇ ಬರೆಯುತ್ತದೆ, ಗದ್ಯವನ್ನು ಓದದೆಯೇ! ಹಪ್ಪಳವನ್ನು ಅಂಗಡಿಯಿಂದಲೇ ತರುವ ಮನೆಯ ಮಗು, ಗದ್ಯವನ್ನು ಚೆನ್ನಾಗಿ ಓದಿಯೂ ಅಂಕ ಕಳೆದುಕೊಳ್ಳುತ್ತದೆ. ನಷ್ಟ ಆ ಮಗುವಿನದು.

ಇಂಥ ಪ್ರಶ್ನೆಗಳನ್ನು ಹಿಡಿಯಲು ಎರಡನೆಯ ಪರಿಶೀಲನೆ ಇದೆ. ಗದ್ಯವನ್ನು ಮುಚ್ಚಿಟ್ಟು, ಪ್ರಶ್ನೆಗಳನ್ನಷ್ಟೇ ಕೆಲವು ಗೆಳೆಯರಿಗೆ ಕೊಡುವುದು. 1990ರಲ್ಲಿ ಅಮೆರಿಕದ ಸ್ಟುವರ್ಟ್ ಕಾಟ್ಜ್ ಮತ್ತು ಸಂಗಡಿಗರು ಅಲ್ಲಿನ ಎಸ್.ಎ.ಟಿ. ಪರೀಕ್ಷೆಯ ಪ್ರಶ್ನೆಗಳನ್ನು ಹೀಗೆಯೇ ಗದ್ಯವಿಲ್ಲದೆ ವಿದ್ಯಾರ್ಥಿಗಳಿಗೆ ಕೊಟ್ಟರು. ಪ್ರತಿ ಪ್ರಶ್ನೆಗೆ ಐದು ಆಯ್ಕೆಗಳಿದ್ದುದರಿಂದ ಬರೀ ಅದೃಷ್ಟಕ್ಕೆ ನೂರಕ್ಕೆ 20 ಸರಿಯಾಗಬೇಕು. ವಿದ್ಯಾರ್ಥಿಗಳು ಅದಕ್ಕಿಂತ ಸಾಕಷ್ಟು ಹೆಚ್ಚು ಅಂಕ ಪಡೆದರು. ನಿಮ್ಮಲ್ಲಿ ನಾಲ್ಕೈದು ಮಂದಿಯೇ ಇದ್ದರೆ ಒಟ್ಟು ಅಂಕವನ್ನು ಹೆಚ್ಚು ನಂಬಬೇಡಿ. ಎಲ್ಲರೂ ಸರಿಯಾಗಿ ಉತ್ತರಿಸಿದ ಪ್ರಶ್ನೆ ಯಾವುದೆಂದು ನೋಡಿ, ಅದನ್ನು ಬದಲಿಸಿ.

ಈಗ ಗದ್ಯವನ್ನು ತಿದ್ದೋಣ:

“ಭಾನುವಾರ ಬೆಳಿಗ್ಗೆ ಅಜ್ಜಿಯೂ ಅತ್ತೆಯೂ ಮಾರುಕಟ್ಟೆಗೆ ಹೋದರು. ಎರಡು ಕಿಲೋ ಉದ್ದಿನ ಹಿಟ್ಟನ್ನು ಅತ್ತೆ ಕೊಂಡರು. ಮಧ್ಯಾಹ್ನ ಇಬ್ಬರೂ ಸೇರಿ ಆ ಹಿಟ್ಟಿನಿಂದ ಹಪ್ಪಳ ಒತ್ತಿ ಮಹಡಿಯ ಮೇಲೆ ಹರಡಿದರು. ಸಂಜೆ ಮೋಡ ಕವಿದದ್ದನ್ನು ಪಕ್ಕದ ಮನೆಯ ಹುಡುಗ ಕಂಡು, ಮಳೆ ಬೀಳುವ ಮೊದಲೇ ಹಪ್ಪಳಗಳನ್ನು ಒಳಗೆ ತಂದಿಟ್ಟ. ಆದ್ದರಿಂದ ಅವು ನೆನೆಯಲಿಲ್ಲ.”

ಎರಡನೆಯ ಪ್ರಶ್ನೆಯ ಜಾಗದಲ್ಲಿ ‘ಹಪ್ಪಳವನ್ನು ಒಳಗೆ ತಂದವರು ಯಾರು?’ ಎಂದು ಕೇಳಬಹುದೇ? ಗದ್ಯ ಓದದೆ ಇದನ್ನು ಊಹಿಸುವುದು ಕಷ್ಟ, ನಿಜ. ಆದರೆ ಹಪ್ಪಳ ಏಕೆ ನೆನೆಯಲಿಲ್ಲ ಎಂಬ ಮೂರನೆಯ ಪ್ರಶ್ನೆಗೆ ಇದೇ ಉತ್ತರ ಹೇಳಿಬಿಡುತ್ತದೆ! ಆದಕಾರಣ ‘ಮೋಡ ಕವಿದದ್ದನ್ನು ಕಂಡವರು ಯಾರು?’ ಎಂದು ಕೇಳುವುದು ಲೇಸು. ಪ್ರಶ್ನೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗಲೇ ಇಂಥ ಸೋರಿಕೆ ಕಾಣುವುದು.

ಕೊನೆಗೆ, ಗದ್ಯವನ್ನು ಮೊದಲು ಕಾಣದ ಇಬ್ಬರಿಂದ ಬೇರೆಬೇರೆಯಾಗಿ ಉತ್ತರ ಬರೆಸಿ. ಉತ್ತರಗಳು ಬೇರೆಯಾದರೆ, ಅವರನ್ನು ದೂರುವ ಮೊದಲು ಗೆರೆ ಎಳೆದ ಆ ವಾಕ್ಯವನ್ನು ನೋಡಿ.

ಎಲ್ಲವನ್ನೂ ಗದ್ಯವೇ ಹೇಳಬೇಕೆಂದಲ್ಲ. ಮಳೆಯಲ್ಲಿಟ್ಟದ್ದು ನೆನೆಯುತ್ತದೆ ಎಂಬುದು ಯಾವ ಮಗುವಿಗೂ ಗೊತ್ತು. ಎರಡು ವಾಕ್ಯಗಳನ್ನು ಕೂಡಿಸಿ ತಿಳಿಯುವ ಪ್ರಶ್ನೆಯೂ ಇರಲಿ. ಆದರೆ ಕೂಡಿಸಬೇಕಾದ ಆ ಎರಡೂ ವಾಕ್ಯಗಳು ಹಾಳೆಯ ಮೇಲಿರಬೇಕು.